ಆರು ತಾಸು ಎಂದಿದ್ದ ಬ್ಯಾಟರಿ

ಔರಾದಿನಲ್ಲಿರುವ ನಮ್ಮ ಅಕ್ಕನಿಗೆ ಈಗ 78. ಮದುವೆಯಾಗಿ ಹೋದಾಗಿನಿಂದ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿದವಳು. ಅದರ ಫಲವನ್ನು ಈಗ ಅವಳ ಪುಪ್ಪುಸಗಳು ಅನುಭವಿಸುತ್ತಿವೆ. ಹೋದ ವರ್ಷ ಮಾರ್ಚ್‌ನಲ್ಲಿ ಬೀದರಿನ ಡಾಕ್ಟರು ಪರೀಕ್ಷೆ ಮಾಡಿ, ದಿನಕ್ಕೆ ಕನಿಷ್ಠ 15 ತಾಸು ಆಕ್ಸಿಜನ್ ಬೇಕು, ರಾತ್ರಿ ಮಲಗುವಾಗಂತೂ ತಪ್ಪಿಸಬಾರದು ಎಂದರು. ಹಾಗಾಗಿ ಮನೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂತು. ಮನೆಯಲ್ಲಿ ಎಲ್ಲರೂ ಅದನ್ನು 'ಮಶಿನ್' ಎಂದೇ ಕರೆಯುತ್ತಾರೆ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಅದರಲ್ಲಿಯ ನೈಟ್ರೋಜನ್ ಹಿಡಿದಿಟ್ಟು, ಆಕ್ಸಿಜನ್ನನ್ನು ಕೊಳವೆಯಲ್ಲಿ ಕೊಡುತ್ತದೆ. ಕರೆಂಟ್ ಇದ್ದರೆ ಮಾತ್ರ.

ಅಕ್ಕನ ಮಗ ಜಾಣ. ಮಶಿನ್ ಬಂದ ವಾರದಲ್ಲೇ ಬೀದರಿಗೆ ಬಂದು ಒಂದು ಇನ್ವರ್ಟರ್, 150 ಆಂಪಿಯರ್-ಅವರ್‌ನ ಒಂದು ಟ್ಯೂಬುಲರ್ ಬ್ಯಾಟರಿ ಕೊಂಡ. ಮಶಿನ್ನಿಗೆ ಮೋಟಾರು ಇರುತ್ತದೆಂದು ನೋಡಿ ಸೈನ್ ವೇವ್ ಇನ್ವರ್ಟರನ್ನೇ ಆರಿಸಿದ. ನಾನೂ ಜೊತೆಗಿದ್ದೆ. "ಎಷ್ಟು ತಾಸು ಬರ್ತದ ರಿ?" ಎಂದು ಕೇಳಿದೆವು. ಅಂಗಡಿಯವನು ಬಿಲ್ ಬರೆಯುತ್ತಲೇ, "ಆರು ತಾಸು ಆರಾಮ್ ನಡಿತದ ರಿ ಕಾಕಾ" ಎಂದ. ನಾವು ನಂಬಿದೆವು.

ಮೇ ತಿಂಗಳ ಮಧ್ಯದಲ್ಲಿ ಒಂದು ರಾತ್ರಿ ಗಾಳಿ ಮಳೆ. ಮುಂಗಾರಿಗೆ ಮೊದಲು ನಮ್ಮ ಕಡೆ ಬೀಸುವ ಗಾಳಿ ಹೇಗಿರುತ್ತದೆಂದು ಬೀದರ್ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿತ್ತು. ರಾತ್ರಿ 9.40ಕ್ಕೆ ಔರಾದಿನಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಇದೆಯಲ್ಲ, ಬೆಳಗಿನ ಜಾವದವರೆಗೆ ಚಿಂತೆಯಿಲ್ಲ ಎಂದು ಎಲ್ಲರೂ ಮಲಗಿದರು. 11.50ಕ್ಕೆ ಮಶಿನ್ ಕೂಗಿಕೊಂಡು ನಿಂತಿತು. ಇನ್ವರ್ಟರ್ ಅದಕ್ಕೂ ಮೊದಲೇ ಪೀಂ ಪೀಂ ಎಂದು ಎಚ್ಚರಿಸಿರಬೇಕು, ಆದರೆ ಅದು ಹೊರಗಿನ ಪಡಸಾಲೆಯಲ್ಲಿ, ಮಳೆಯ ಸದ್ದಿನಲ್ಲಿ. ಅಕ್ಕ ಎದ್ದು ಕೂತು ಕಿಟಕಿಯ ಸರಳು ಹಿಡಿದುಕೊಂಡಿದ್ದಳಂತೆ, ತುಟಿ ನೀಲಿಯಾಗುತ್ತ ಬಂದಿತ್ತಂತೆ. ಮಗ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಿದ. ಅಲ್ಲಿ ಆಕ್ಸಿಜನ್ ಹಚ್ಚಿದ ಮೇಲೆ ನನಗೆ ಫೋನ್ ಮಾಡಿದ. "ಮಾಮಾ, ಆರು ತಾಸು ಅಂದಿದ್ನಲ್ಲ, ಎರಡೇ ತಾಸಿಗೆ ಮುಗೀತು."

ಅಕ್ಕ ಸುಧಾರಿಸಿಕೊಂಡಿದ್ದಾಳೆ ಎಂದ ಮೇಲೂ ನನಗೆ ನಿದ್ದೆ ಬರಲಿಲ್ಲ. ನಾನು ಬಿಕಾಂ ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ನಿವೃತ್ತನಾದವನು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕುತ್ತಿದ್ದೆವು. ಕೈಯಿಂದ ಹತ್ತು ಪೈಸೆ ಹಾಕಿ ಎದ್ದು ಹೋಗುವ ಹಾಗಿರಲಿಲ್ಲ. ಆ ಚಟ ಹೋಗಿಲ್ಲ. ದೀಪ ಹಚ್ಚಿ ಕಾಗದ ತೆಗೆದೆ.

ಬ್ಯಾಟರಿ 12 ವೋಲ್ಟಿನದು, 150 ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ 1800 ವ್ಯಾಟ್-ಅವರ್. ಅಂದರೆ 1800 ವ್ಯಾಟಿನ ಸಾಮಾನನ್ನು ಒಂದು ತಾಸು, ಇಲ್ಲವೇ 100 ವ್ಯಾಟಿನದನ್ನು 18 ತಾಸು ನಡೆಸುವಷ್ಟು ಶಕ್ತಿ. ಮಶಿನ್ ಮೇಲಿನ ಪಟ್ಟಿಯಲ್ಲಿ 350 ವ್ಯಾಟ್ ಎಂದಿತ್ತು. ಜೊತೆಗೆ ಒಂದು ಫ್ಯಾನು, ಒಂದು ಬಲ್ಬು. ಎಲ್ಲ ಸೇರಿ ಸುಮಾರು 430 ಎಂದುಕೊಂಡು ಭಾಗಿಸಿದೆ. ನಾಲ್ಕು ತಾಸು ಚಿಲ್ಲರೆ ಬಂತು. ಅಂಗಡಿಯವನು ಹೇಳಿದ್ದು ಆರು, ನನ್ನ ಪೆನ್ಸಿಲ್ ಹೇಳಿದ್ದು ನಾಲ್ಕು, ಗಡಿಯಾರ ಹೇಳಿದ್ದು ಎರಡು ತಾಸು ಹತ್ತು ನಿಮಿಷ. ಮೂರೂ ಟ್ಯಾಲಿ ಆಗಲಿಲ್ಲ.

ಎರಡು ದಿನ ಬಿಟ್ಟು ಔರಾದಿಗೆ ಹೋದೆ. ರಜೆಯಿದ್ದದ್ದರಿಂದ ಆರನೇ ಕ್ಲಾಸಿನ ಮೊಮ್ಮಗಳೂ ಬೆನ್ನು ಹತ್ತಿದಳು. ಮೊದಲು ಖರ್ಚಿನ ಕಡೆ ನೋಡಬೇಕು, ಮಶಿನ್ ನಿಜವಾಗಿ ಎಷ್ಟು ಎಳೆಯುತ್ತದೆ ಎಂದು. ಅದಕ್ಕೆ ಬೇರೆ ಉಪಕರಣ ಬೇಕಿಲ್ಲ, ಮನೆಯ ಕರೆಂಟ್ ಮೀಟರೇ ಸಾಕು. ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿಟುಕುತ್ತಿರುತ್ತದೆ, ಪಕ್ಕದಲ್ಲಿ 3200 imp/kWh ಎಂದು ಬರೆದಿರುತ್ತದೆ. 3200 ಸಲ ಮಿಟುಕಿದರೆ ಒಂದು ಯೂನಿಟ್ ಎಂದರ್ಥ. (ಕೆಲವು ಮೀಟರುಗಳಲ್ಲಿ ಈ ಸಂಖ್ಯೆ ಬೇರೆ ಇರುತ್ತದೆ. ನಿಮ್ಮ ಮೀಟರಿನ ಮೇಲಿದ್ದದ್ದನ್ನೇ ಹಿಡಿಯಿರಿ.) ಫ್ರಿಜ್, ಟಿವಿ ಎಲ್ಲ ಬಂದ್ ಮಾಡಿ, ಮಶಿನ್ ಒಂದನ್ನೇ ಇಟ್ಟು, ನಾನು ಕೈಗಡಿಯಾರ ಹಿಡಿದು ನಿಂತೆ. ಮೊಮ್ಮಗಳು ಮಿಟುಕು ಎಣಿಸಿದಳು. ಮೂರು ನಿಮಿಷಕ್ಕೆ 98.

ಮೂರು ನಿಮಿಷಕ್ಕೆ 98 ಎಂದರೆ ತಾಸಿಗೆ 1960. ಅದನ್ನು 3200ರಿಂದ ಭಾಗಿಸಿದರೆ 0.61 ಯೂನಿಟ್, ಅಂದರೆ 610 ವ್ಯಾಟ್! ಮಶಿನ್ ಮೇಲೆ ಬರೆದದ್ದೇ ಸುಳ್ಳೋ ಏನೋ ಎಂದು ನಾನು ಗೊಣಗುತ್ತಿರುವಾಗ ಮೊಮ್ಮಗಳು, "ಮುತ್ಯಾ, ಇನ್ವರ್ಟರ್ ಲೈಟ್ ಉರಿಲಿಕತ್ಯಾದ" ಎಂದಳು. ಸರಿ, ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಅದೂ ಮೀಟರಿನಿಂದಲೇ ಎಳೆಯುತ್ತದಲ್ಲ! ಇನ್ವರ್ಟರ್ ಬಂದ್ ಮಾಡಿ, ಮಶಿನ್ನನ್ನು ನೇರ ಕರೆಂಟಿಗೆ ಹಚ್ಚಿ ಮತ್ತೆ ಎಣಿಸಿದೆವು. ಮೂರು ನಿಮಿಷಕ್ಕೆ 56. ತಾಸಿಗೆ 1120, ಅಂದರೆ ಸರಿಯಾಗಿ 350 ವ್ಯಾಟ್. ಆಮೇಲೆ ಫ್ಯಾನ್ ಒಂದನ್ನೇ ಹಚ್ಚಿದಾಗ ನಿಮಿಷಕ್ಕೆ ನಾಲ್ಕು ಮಿಟುಕು, 75 ವ್ಯಾಟ್. ಒಂಬತ್ತು ವ್ಯಾಟಿನ ಬಲ್ಬಿಗೆ ಎರಡು ನಿಮಿಷಕ್ಕೊಮ್ಮೆ ಮಿಟುಕು. ಮೊಮ್ಮಗಳಿಗೆ ಬೇಸರ ಬಂತು, ಡಬ್ಬಿಯ ಮೇಲೆ ಬರೆದದ್ದನ್ನೇ ಒಪ್ಪಿದೆವು. ಒಟ್ಟು 434 ವ್ಯಾಟ್. ಖರ್ಚಿನ ಕಡೆ ತಪ್ಪಿಲ್ಲ. ಅಂದ ಮೇಲೆ ವ್ಯತ್ಯಾಸ ಜಮೆಯ ಕಡೆಗೇ ಇರಬೇಕು.

ಅದನ್ನು ಕೇಳಲು ಬೀದರಿನಿಂದ ರೈಲು ಹಿಡಿದು ಭಾಲ್ಕಿಗೆ ಹೋದೆ. ನಾನು ಅಲ್ಲಿ ಕೆಲಸ ಮಾಡುತ್ತಿದ್ದಾಗ ಮೋಟಾರ್ ರಿವೈಂಡಿಂಗ್ ಅಂಗಡಿಗೆಂದು ಸಾಲ ತೆಗೆದುಕೊಂಡ ಒಬ್ಬರಿದ್ದರು. ಒಂದು ಕಂತೂ ತಪ್ಪಿಸಿದವರಲ್ಲ. ಈಗ ಅಂಗಡಿ ಮಗನದು, ಇವರು ಟ್ರ್ಯಾಕ್ಟರ್, ಇನ್ವರ್ಟರ್ ಬ್ಯಾಟರಿ ರಿಪೇರಿ ನೋಡಿಕೊಂಡು ಒಳಗೆ ಕೂತಿರುತ್ತಾರೆ. ನನ್ನ ಕಾಗದವನ್ನು ಕನ್ನಡಕ ಏರಿಸಿ ನೋಡಿದರು. "ಸಾಹೇಬ್ರ, ಬ್ಯಾಟರಿ ಮ್ಯಾಲಿನ ಚೀಟಿ ಪೂರ್ತಿ ಓದಿರೇನು?"

ಅಕ್ಕನ ಮಗನಿಂದ ಚೀಟಿಯ ಫೋಟೋ ತರಿಸಿದೆ. 150Ah ಎಂಬ ದೊಡ್ಡ ಅಕ್ಷರದ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ @C20 ಎಂದಿತ್ತು. ಬ್ಯಾಂಕಿನ ಸಾಲದ ಕಾಗದದಲ್ಲಿಯೂ ಮುಖ್ಯ ಮಾತು ಹೀಗೆಯೇ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ನಾನೇ ಎಷ್ಟು ಜನರಿಗೆ ಸಹಿ ಮಾಡಿಸಿಲ್ಲ!

"ಇದು 20 ತಾಸಿನ ಲೆಕ್ಕ ರಿ" ಎಂದರು ಅವರು. "ತಾಸಿಗೆ ಏಳೂವರೆ ಆಂಪಿಯರ್ ಹಂಗ ಮೆಲ್ಲಗ ಎಳದ್ರ 20 ತಾಸಿಗೆ 150 ಕೊಡ್ತದ. ನೀವ್ ಎಳದದ್ದು 45. ನಮ್ಮ ಹೊಲದ ಬಾವಿ ನೋಡ್ರಿ. ಸಣ್ಣ ಮೋಟಾರ್ ಹಚ್ಚಿದ್ರ ದಿನಪೂರ್ತಿ ನೀರು. ಐದು ಎಚ್‌ಪಿ ಹಚ್ಚಿದ್ರ ಒಂದು ತಾಸಿಗೆ ತಳ ಕಾಣ್ತದ. ನೀರು ಇಲ್ಲಂತಲ್ಲ, ಸೆಲಿ ಬರೂದ್ರಾಗ ನೀವ್ ಎಳದಿರಿ."

ಬ್ಯಾಟರಿಯೊಳಗೂ ಹಾಗೆಯೇ. ಸೀಸದ ಪ್ಲೇಟುಗಳ ಸಣ್ಣ ಸಣ್ಣ ರಂಧ್ರಗಳಲ್ಲಿರುವ ಆಸಿಡ್ ಮೊದಲು ಖರ್ಚಾಗುತ್ತದೆ. ಹೊರಗಿನ ಆಸಿಡ್ ನಿಧಾನವಾಗಿ ಒಳಗೆ ಇಳಿದು ಆ ಜಾಗ ತುಂಬಬೇಕು. ಅದಕ್ಕೆ ಪುರುಸೊತ್ತು ಕೊಡದೆ ಜೋರಾಗಿ ಎಳೆದರೆ, ಶಕ್ತಿ ಇನ್ನೂ ಉಳಿದಿರುವಾಗಲೇ ವೋಲ್ಟೇಜ್ ಕೆಳಗಿಳಿಯುತ್ತದೆ. ಹತ್ತೂವರೆ ವೋಲ್ಟಿನ ಆಸುಪಾಸಿಗೆ ಬಂದೊಡನೆ ಬ್ಯಾಟರಿ ಕೆಡಬಾರದೆಂದು ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಇದಕ್ಕೊಂದು ಗುರುತೂ ಇದೆ. ಆಸ್ಪತ್ರೆಯಿಂದ ಬೆಳಗ್ಗೆ ಬಂದಾಗ ಇನ್ನೂ ಕರೆಂಟ್ ಬಂದಿರಲಿಲ್ಲ, ಆದರೂ ಇನ್ವರ್ಟರ್ ಒತ್ತಿದರೆ ಫ್ಯಾನ್ ತಿರುಗಿತು ಎಂದು ಅಕ್ಕನ ಮಗ ಹೇಳಿದ್ದ. ರಾತ್ರಿಯಿಡೀ ಸೆಲೆ ಬಂದಿತ್ತು! ಜೋರಾಗಿ ಎಳೆದಷ್ಟೂ ಬ್ಯಾಟರಿ ಕಡಿಮೆ ಕೊಡುತ್ತದೆ ಎಂಬುದನ್ನು ಲೆಕ್ಕಕ್ಕೆ ಇಳಿಸಿದವನು ಜರ್ಮನಿಯ ಪ್ಯೂಕರ್ಟ್ ಎಂಬಾತ, 1897ರಲ್ಲಿ. ಭಾಲ್ಕಿಯ ನಮ್ಮ ಮೇಸ್ತ್ರಿ ಅವನ ಹೆಸರು ಕೇಳಿದವರಲ್ಲ. ಎರಡು ಮೂರು ತಾಸಿನಲ್ಲಿ ಖಾಲಿ ಮಾಡಿದರೆ ಇಂಥ ಬ್ಯಾಟರಿ ಬರೆದದ್ದರ ನೂರಕ್ಕೆ 70ರಷ್ಟು ಕೊಟ್ಟೀತು, ಏಳೆಂಟು ತಾಸು ಎಳೆದರೆ 80ರ ಮೇಲೆ ಕೊಟ್ಟೀತು ಎಂಬುದು ಅವರ ಕೈ ಅನುಭವ.

ಅದು ಮೊದಲನೇ ಕಡಿತ. ಎರಡನೆಯದು ಇನ್ವರ್ಟರಿನದು. ಬ್ಯಾಟರಿಯ 12 ವೋಲ್ಟನ್ನು ಮನೆಯ 230 ವೋಲ್ಟಿಗೆ ಬದಲಾಯಿಸುವ ಕೆಲಸಕ್ಕೆ ಅದು ಕೂಲಿ ತೆಗೆದುಕೊಳ್ಳುತ್ತದೆ. ನಡೆಯುತ್ತಿರುವ ಇನ್ವರ್ಟರ್ ಮೇಲೆ ಕೈ ಇಟ್ಟು ನೋಡಿ, ಬಿಸಿಯಾಗಿರುತ್ತದೆ. ಆ ಬಿಸಿ ನಿಮ್ಮ ಬ್ಯಾಟರಿಯದೇ. ಮನೆಬಳಕೆಯ ಇನ್ವರ್ಟರಿಗೆ ನೂರಕ್ಕೆ 20 ಹೋಯಿತೆಂದು ಹಿಡಿದರೆ ಮೋಸವಿಲ್ಲ. ಪಗಾರದ ಚೀಟಿಯಲ್ಲಿ ಬರೆದ ಮೊತ್ತವೇ ಬೇರೆ, ಕೈಗೆ ಬರುವುದೇ ಬೇರೆ ಎಂಬುದು ಪಗಾರ ತೆಗೆದುಕೊಂಡವರಿಗೆಲ್ಲ ಗೊತ್ತು. ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೀಗೆ ಬರೆದೆ:

12 × 150 = 1800
1800 × 0.70 = 1260 (ಜೋರಾಗಿ ಎಳೆದದ್ದಕ್ಕೆ ಕಡಿತ)
1260 × 0.80 = 1008 (ಇನ್ವರ್ಟರ್ ಕಡಿತ)
1008 ÷ 434 = 2.32

2.32 ಎಂದರೆ ಎರಡು ತಾಸು 32 ನಿಮಿಷ ಅಲ್ಲ. ಮೊಮ್ಮಗಳು ಹಾಗೆ ಓದಿದ್ದಳು. 0.32ನ್ನು 60ರಿಂದ ಗುಣಿಸಬೇಕು, 19 ನಿಮಿಷ. ನಮ್ಮ ಗಡಿಯಾರದಲ್ಲಿ ಬಂದದ್ದು ಎರಡು ತಾಸು ಹತ್ತು. ಉಳಿದ ಒಂಬತ್ತು ನಿಮಿಷ ಎಲ್ಲಿ ಹೋಯಿತೆಂದು ಅಕ್ಕನ ಮಗನನ್ನು ಫೋನಿನಲ್ಲಿ ಕಾಡಿದೆ. ಅಂದು ಸಂಜೆ ಏಳೂವರೆಗೆ ಹತ್ತು ನಿಮಿಷ ಕರೆಂಟ್ ಹೋಗಿ ಬಂದಿತ್ತಂತೆ. ಲೆಕ್ಕ ಟ್ಯಾಲಿ ಆಯಿತು. ಭಾಲ್ಕಿಯಲ್ಲಿ ಕೂತು ನನಗೆ ಹಳೆಯ ಸಂಜೆಗಳ ಸಮಾಧಾನ ಬಂತು.

ಹಾಗಾದರೆ ಅಂಗಡಿಯವನ ಆರು ತಾಸು? ಅದನ್ನೂ ಹಾಕಿ ನೋಡಿದೆ. ಎರಡು ಫ್ಯಾನು, ನಾಲ್ಕು ಬಲ್ಬು ಎಂದರೆ 186 ವ್ಯಾಟ್. ಅಷ್ಟೇ ಎಳೆದರೆ ಬ್ಯಾಟರಿ 83ರಷ್ಟು ಕೊಡುತ್ತದೆ, ಇನ್ವರ್ಟರಿಗೆ 20 ಕಳೆದು ಭಾಗಿಸಿದರೆ ಆರು ತಾಸಿನ ಮೇಲೆ ಬರುತ್ತದೆ. ಅವನು ಸುಳ್ಳು ಹೇಳಿರಲಿಲ್ಲ. ಏನು ಹಚ್ಚುತ್ತೀರಿ ಎಂದು ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮುಂದಿನ ಪ್ರಶ್ನೆ, ಒಂದು ರಾತ್ರಿ ದಾಟಿಸುವುದು ಹೇಗೆ. ಮೊದಲು ಅಕ್ಕನ ಕೋಣೆಯ ಹಳೆಯ ಫ್ಯಾನು ತೆಗೆದು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿಸಿದೆವು. ಲೋಡ್ 434ರಿಂದ 389ಕ್ಕೆ ಬಂತು. ಬ್ಯಾಟರಿ ಒಂದೇ ಇದ್ದರೆ ಇದರಿಂದ ಹದಿನೈದು ಇಪ್ಪತ್ತು ನಿಮಿಷ ಹೆಚ್ಚಾದೀತು ಅಷ್ಟೇ. ನಿಜವಾದ ಉಪಾಯ ಎರಡನೇ ಬ್ಯಾಟರಿ. ಅದೇ ಇನ್ವರ್ಟರಿಗೆ ಇನ್ನೊಂದು ಬ್ಯಾಟರಿಯನ್ನು ಪಕ್ಕಕ್ಕೆ ಜೋಡಿಸಿದರೆ ಸಾಲದೆ ಎಂದು ನಾನು ಕೇಳಿದೆ, ಖರ್ಚು ಕಡಿಮೆ ಎಂದು. ಮೇಸ್ತ್ರಿ ತಲೆ ಅಲ್ಲಾಡಿಸಿದರು. "ಎಳಿಯೂದು ನಡಿತದ ಸಾಹೇಬ್ರ, ತುಂಬೂದು ಹ್ಯಾಂಗ? ಆ ಡಬ್ಬಿ 15 ಆಂಪಿಯರ್‌ನಾಗ ಚಾರ್ಜ್ ಮಾಡ್ತದ. ಎರಡು ಬ್ಯಾಟರಿಗೆ ಹಂಚಿದ್ರ ಒಂದೊಂದಕ್ಕ ಏಳೂವರೆ. ತುಂಬಲಿಕ್ಕ ಒಂದು ದಿನ ಒಂದು ರಾತ್ರಿ ಬೇಕು." 24 ವೋಲ್ಟಿನ ಇನ್ವರ್ಟರ್ ತಂದು ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿದರೆ ಅದೇ 15 ಆಂಪಿಯರ್ ಎರಡರ ಮೂಲಕವೂ ಹರಿಯುತ್ತದೆ, ಒಂದು ಬ್ಯಾಟರಿ ತುಂಬುವ ಹೊತ್ತಿನಲ್ಲಿ ಎರಡೂ ತುಂಬುತ್ತವೆ. ನಮ್ಮ ಮೊದಲ ಬ್ಯಾಟರಿ ಎರಡು ತಿಂಗಳಿನದು, ಅದೇ ಕಂಪನಿಯ ಅದೇ ಅಳತೆಯದನ್ನು ಜೊತೆಗೆ ಹಾಕಿದೆವು. ಹಳೆಯದಕ್ಕೆ ಹೊಸದನ್ನು ಜೋಡಿಸಿದರೆ ಹಳೆಯದು ಮೊದಲು ಕುಸಿದು ಹೊಸದನ್ನೂ ನಿಲ್ಲಿಸುತ್ತದೆ.

ಈ ಎರಡನೇ ಬ್ಯಾಟರಿಯ ಲೆಕ್ಕ ನನಗೆ ಬಹಳ ಹಿಡಿಸಿತು. ಎರಡು ಬ್ಯಾಟರಿ ಎಂದರೆ ಎರಡರಷ್ಟು ಹೊತ್ತು ಎಂದುಕೊಳ್ಳುತ್ತೇವೆ. ಆದರೆ ಈಗ ಎಳೆಯುವುದು 20 ಆಂಪಿಯರ್ ಮಾತ್ರ, ಜೋರು ಕಡಿಮೆಯಾಯಿತು, ಹಾಗಾಗಿ ಮೊದಲನೇ ಕಡಿತವೂ ಕಡಿಮೆಯಾಯಿತು. 3600ರಲ್ಲಿ 83ರ ಪಾಲು, ಅದರಲ್ಲಿ 80ರ ಪಾಲು, ಸುಮಾರು 2390. ಅದನ್ನು 389ರಿಂದ ಭಾಗಿಸಿದರೆ ಆರು ತಾಸು ಎಂಟು ನಿಮಿಷ. ಒಂದೇ ಬ್ಯಾಟರಿಯಲ್ಲಿ ಇದೇ ಲೋಡ್ ಎರಡೂವರೆ ತಾಸು ದಾಟಿ ಸ್ವಲ್ಪ ಹೊತ್ತು ನಡೆಯುತ್ತಿತ್ತು, ಅಷ್ಟೇ.

ಕಾಗದ ನಂಬಿ ಒಮ್ಮೆ ಏಟು ತಿಂದಿದ್ದೇವೆ. ಆದ್ದರಿಂದ ಮೇ ಕೊನೆಯ ವಾರ ಹಗಲಿನಲ್ಲೇ ಪರೀಕ್ಷೆ ಮಾಡಿದೆವು. ಅದಕ್ಕೆ ಮೊದಲು ಡಾಕ್ಟರನ್ನು ಕೇಳಿ ಒಂದು ಆಕ್ಸಿಜನ್ ಸಿಲಿಂಡರ್ ತರಿಸಿದ್ದೆವು. ಬಿ ಟೈಪ್ ಎನ್ನುತ್ತಾರೆ, 1500 ಲೀಟರ್ ಆಕ್ಸಿಜನ್ ಇರುತ್ತದೆ. ಅಕ್ಕನಿಗೆ ನಿಮಿಷಕ್ಕೆ ಎರಡು ಲೀಟರ್ ಬೇಕು, ಅಂದರೆ ಹನ್ನೆರಡೂವರೆ ತಾಸು. ಅದಕ್ಕೆ ಕರೆಂಟ್ ಬೇಡ. ಆಕ್ಸಿಜನ್ ಇದ್ದಲ್ಲಿ ಬೆಂಕಿ ಇರಬಾರದು, ಹಾಗಾಗಿ ದೇವರ ದೀಪವನ್ನು ಬೇರೆ ಕೋಣೆಗೆ ಸರಿಸಬೇಕಾಯಿತು. ಅದಕ್ಕೆ ಮಾತ್ರ ಅಕ್ಕ ಜಗಳಾಡಿದಳು. "ನನ್ನ ಉಸಿರಿಗಿ ದೇವ್ರನ್ನ ಮನಿ ಬಿಡಸ್ತೀರೇನೋ ತಮ್ಮಾ?" ಎಂದಳು. ಕಡೆಗೆ ತಾನೇ ದೀಪ ಎತ್ತಿಕೊಂಡು ಹೋಗಿ ಪಡಸಾಲೆಯ ಗೂಡಿನಲ್ಲಿಟ್ಟಳು.

ಅಂದು ಬೆಳಗ್ಗೆ ಹತ್ತಕ್ಕೆ ಮೇನ್ ಸ್ವಿಚ್ ಕೆಳಗಿಳಿಸಿದೆವು. ಮೊಮ್ಮಗಳು ಇನ್ವರ್ಟರ್ ಮುಂದೆ ಚಾಪೆ ಹಾಸಿಕೊಂಡು ಕೂತಳು. ಒಂದಕ್ಕೆ ಊಟ, ಎರಡಕ್ಕೆ ನನ್ನ ನಿದ್ದೆ. 3.55ಕ್ಕೆ ಇನ್ವರ್ಟರ್ ನಿಂತಿತು. ಐದು ತಾಸು 55 ನಿಮಿಷ. ಲೆಕ್ಕಕ್ಕೆ 13 ನಿಮಿಷ ಕಡಿಮೆ. ಪೂರ್ತಿ ಖಾಲಿಯಾದದ್ದು ಮತ್ತೆ ತುಂಬಲು ಮರುದಿನ ಬೆಳಗಿನವರೆಗೆ ಹಿಡಿಯಿತು, ಹನ್ನೆರಡು ತಾಸಿಗಿಂತ ಹೆಚ್ಚು. ಕೊನೆಯ ಸ್ವಲ್ಪ ಭಾಗ ಬಹಳ ನಿಧಾನವಾಗಿ ತುಂಬುತ್ತದೆ. ಇದು ನಾವು ಯೋಚಿಸದೆ ಇದ್ದ ಮಾತು. ಮಧ್ಯಾಹ್ನ ಮೂರು ತಾಸು ಕರೆಂಟ್ ಹೋಗಿ, ಸಂಜೆ ಮತ್ತೆ ಹೋದರೆ ಆಗ ಕೈಯಲ್ಲಿರುವುದು ಆರು ತಾಸು ಅಲ್ಲ. ಅದಕ್ಕೇ ಮೊಮ್ಮಗಳ ಹಳೆಯ ಪಾಟಿಯೊಂದನ್ನು ಇನ್ವರ್ಟರ್ ಪಕ್ಕದಲ್ಲಿ ಮೊಳೆಗೆ ನೇತುಹಾಕಿದೆವು. ಹೋದ ಹೊತ್ತು, ಬಂದ ಹೊತ್ತು ಬರೆಯಬೇಕು. ಹೋಗಿ ನಾಲ್ಕು ತಾಸಾದರೆ ಸದ್ದಿಗೆ ಕಾಯದೆ ಸಿಲಿಂಡರಿಗೆ ಬದಲಾಯಿಸಬೇಕು. ಇನ್ವರ್ಟರನ್ನು ಪಡಸಾಲೆಯಿಂದ ತೆಗೆದು ಅಕ್ಕನ ಮಗ ಮಲಗುವ ಕೋಣೆಯ ಬಾಗಿಲ ಹೊರಗೆ, ಗಾಳಿಯಾಡುವಲ್ಲಿ ಇಟ್ಟಿದ್ದಾರೆ.

ಜುಲೈನಲ್ಲಿ ಒಂದು ಬೆಳಗ್ಗೆ ಅಕ್ಕನ ಮಗ ಪಾಟಿಯ ಫೋಟೋ ಕಳಿಸಿದ. ಹೋದದ್ದು 11.20, ಬಂದದ್ದು 3.05. ಅಕ್ಕನಿಗೆ ಫೋನ್ ಮಾಡಿ ರಾತ್ರಿ ಹೇಗಿತ್ತೆಂದು ಕೇಳಿದೆ. "ಲೈಟ್ ಹೋಗಿತ್ತೇನು?" ಎಂದಳು.

ಬ್ಯಾಟರಿಗೆ ವಯಸ್ಸಾಗುತ್ತ ಹೋದಂತೆ ತಾಸು ಇಳಿಯುತ್ತದೆ, ನೀರು ಸರಿಯಾಗಿ ಹಾಕಿದರೂ. ವರ್ಷಕ್ಕೊಮ್ಮೆ, ಗಾಳಿ ಮಳೆ ಶುರುವಾಗುವ ಮೊದಲು ಅದೇ ಪರೀಕ್ಷೆ ಮತ್ತೆ ಮಾಡಬೇಕೆಂದು ಭಾಲ್ಕಿಯ ಮೇಸ್ತ್ರಿ ಹೇಳಿದ್ದಾರೆ. ಬರುವ ಏಪ್ರಿಲ್‌ನ ಎರಡನೇ ಭಾನುವಾರಕ್ಕೆ ಮೊಮ್ಮಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ಐದೂವರೆ ತಾಸು ಬರುತ್ತದೆಂದು ಅವಳ ಪಣ. ನಾನು ಐದು ತಾಸು 40 ನಿಮಿಷ ಎಂದಿದ್ದೇನೆ.